ಸರ್, ಸ್ವಲ್ಪ ಡೇಟ್ ಎಕ್ಸ್‌ಟೆಂಡ್ ಮಾಡ್ತೀರಾ?

ಮೇ ತಿಂಗಳು ಬಂತೆಂದರೆ ನನ್ನ ಫೋನಿಗೆ ಒಂದೇ ತರದ ಮೆಸೇಜುಗಳು ಶುರುವಾಗುತ್ತವೆ. "ಸರ್, ಮನೆಯಲ್ಲಿ ಸ್ವಲ್ಪ ಪ್ರಾಬ್ಲಂ. ಸಬ್‌ಮಿಷನ್‌ಗೆ ಸ್ವಲ್ಪ ಟೈಮ್ ಕೊಡ್ತೀರಾ?" ಇಷ್ಟೇ. ಏನು ಪ್ರಾಬ್ಲಂ, ಎಷ್ಟು ಟೈಮ್, ಯಾವ ಕೆಲಸಕ್ಕೆ, ಎಲ್ಲಿಯವರೆಗೆ ಮುಗಿದಿದೆ, ಒಂದೂ ಇರುವುದಿಲ್ಲ. ನಾನು ವಾಪಸ್ ಫೋನ್ ಮಾಡಿದರೆ ತೆಗೆಯುವುದಿಲ್ಲ. ಆಸ್ಪತ್ರೆಯಲ್ಲಿರುವ ಮಕ್ಕಳು ಫೋನ್ ತೆಗೆಯದಿರುವುದು ಸಹಜವೇ. ಆದರೆ ಈ ಕಡೆ ಕೂತವನಿಗೆ ಹೌದು ಅನ್ನಲೂ ಆಗುವುದಿಲ್ಲ, ಇಲ್ಲ ಅನ್ನಲೂ ಆಗುವುದಿಲ್ಲ.

ನಾನು ಉಡುಪಿಯ ಒಂದು ಕಾಲೇಜಿನಲ್ಲಿ ಎಂ.ಕಾಂ. ಮಕ್ಕಳಿಗೆ ಪಾಠ ಮಾಡುವವನು. ಕೊನೆಯ ಸೆಮಿಸ್ಟರಿನಲ್ಲಿ ಅವರಿಗೆ ಒಂದು ಪ್ರಾಜೆಕ್ಟ್ ರಿಪೋರ್ಟ್ ಇರುತ್ತದೆ. ಪ್ರತಿ ವರ್ಷ ಕೆಲವರಿಗೆ ನಾನು ಗೈಡ್. ಕೆಲವು ವರ್ಷಗಳ ಹಿಂದೆ ಅವರಲ್ಲಿ ಬೈಂದೂರು ಕಡೆಯ ಒಬ್ಬಳು ಹುಡುಗಿ ಇದ್ದಳು. ಮಲ್ಪೆಯ ಮೀನು ಮಾರುವ ಹೆಂಗಸರು ದುಡ್ಡು ಹೇಗೆ ಉಳಿತಾಯ ಮಾಡುತ್ತಾರೆ ಅನ್ನುವುದು ಅವಳ ವಿಷಯ. ಪಿಗ್ಮಿ ಕಟ್ಟುತ್ತಾರಾ, ಚೀಟಿ ಹಾಕುತ್ತಾರಾ, ಸ್ವಸಹಾಯ ಸಂಘದಲ್ಲಿ ಇಡುತ್ತಾರಾ ಅಂತ. ಪಿಗ್ಮಿ ಹುಟ್ಟಿದ್ದೇ ಉಡುಪಿಯಲ್ಲಿ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಶುರು ಮಾಡಿದ್ದು. ಮನೆ ಬಾಗಿಲಿಗೆ ಬಂದು ದಿನದ ಚಿಲ್ಲರೆ ತೆಗೆದುಕೊಂಡು ಹೋಗುವ ಆ ಪದ್ಧತಿ ಇಷ್ಟು ವರ್ಷದ ಮೇಲೆ ಮೀನು ಮಾರುಕಟ್ಟೆಯಲ್ಲಿ ಎಷ್ಟು ಉಳಿದಿದೆ ಅಂತ ನೋಡುವುದು ಒಳ್ಳೆಯ ಕೆಲಸವೇ.

ಅವಳಿಗೆ ನಾನು ಕೊಟ್ಟಿದ್ದ ಡ್ರಾಫ್ಟ್ ತಾರೀಕು ಮೇ 27, ಸೋಮವಾರ. ಅದರ ಹಿಂದಿನ ಗುರುವಾರ ರಾತ್ರಿ ಅವಳ ಅಪ್ಪನಿಗೆ ಸ್ಟ್ರೋಕ್ ಆಯಿತು. ಶುಕ್ರವಾರ ಬೆಳಿಗ್ಗೆ ಬಂದ ಮೆಸೇಜ್ ಇದು:

"ಸರ್ ನಮಸ್ತೆ. ಅಪ್ಪನಿಗೆ ನಿನ್ನೆ ರಾತ್ರಿ ಸ್ಟ್ರೋಕ್ ಆಗಿದೆ. ಮಣಿಪಾಲದಲ್ಲಿ ಐಸಿಯುನಲ್ಲಿ ಇದ್ದಾರೆ. ಅಮ್ಮನ ಜತೆ ನಾನೊಬ್ಬಳೇ ಇರುವುದು. ಸೋಮವಾರ ಡ್ರಾಫ್ಟ್ ಕೊಡಲು ಆಗುವುದಿಲ್ಲ. ಎಷ್ಟು ದಿನ ಬೇಕು ಅಂತ ಈಗ ಹೇಳಲು ನನಗೇ ಗೊತ್ತಿಲ್ಲ. ಎರಡು ದಿನ ಕಳೆಯಲಿ ಅಂತ ಡಾಕ್ಟರ್ ಹೇಳಿದ್ದಾರೆ. ಭಾನುವಾರ ಸಂಜೆ ತಿಳಿಸುತ್ತೇನೆ."

ನನಗೆ ಈ ಮೆಸೇಜ್ ತುಂಬ ಹಿಡಿಸಿತು. ಇದರಲ್ಲಿ ಅವಳು ಏನನ್ನೂ ಕೇಳಿಲ್ಲ, ನೋಡಿ. ಬರೀ ಸುದ್ದಿ ಮುಟ್ಟಿಸಿದ್ದಾಳೆ. ಜತೆಗೆ ಮುಂದಿನ ಸುದ್ದಿ ಯಾವಾಗ ಅಂತ ಹೇಳಿದ್ದಾಳೆ. ಐಸಿಯು ಬಾಗಿಲಲ್ಲಿ ಕೂತವರಿಗೆ ಮೊದಲ ಎರಡು ದಿನ ಡಾಕ್ಟರೂ ಗಟ್ಟಿಯಾಗಿ ಏನೂ ಹೇಳುವುದಿಲ್ಲ. ಆಗ "ಎಷ್ಟು ದಿನ ಬೇಕು?" ಅಂತ ಯಾರಾದರೂ ಕೇಳಿದರೆ ಬಾಯಿಗೆ ಬಂದ ಒಂದು ಲೆಕ್ಕ ಹೇಳಿಬಿಡುತ್ತಾರೆ. ಸಾಮಾನ್ಯವಾಗಿ ಅದು ಎರಡು ದಿನ. ಜಾಸ್ತಿ ಕೇಳಿದರೆ ಸರ್ ಬೈಯ್ಯುತ್ತಾರೆ ಅನ್ನುವ ಹೆದರಿಕೆ. ಎರಡು ದಿನ ಕಳೆದು ಮತ್ತೆ ಎರಡು ದಿನ, ಅದಾಗಿ ಇನ್ನೊಂದು ವಾರ. ಮೂರನೇ ಸಲ ಕೇಳುವಾಗ ಅವರಿಗೆ ನಾಚಿಕೆ, ನಮಗೆ ಅನುಮಾನ. ಕೊನೆಗೆ ಕೇಳುವುದನ್ನೇ ಬಿಟ್ಟು ಕಾಣೆಯಾಗುತ್ತಾರೆ.

ಅದಕ್ಕೆ ನನ್ನ ಮಟ್ಟಿಗೆ ಇದು ಎರಡು ಮೆಸೇಜಿನ ಕೆಲಸ. ಮೊದಲನೆಯದು ಸುದ್ದಿ, ಎರಡನೆಯದು ಕೇಳಿಕೆ. ಸುದ್ದಿ ಆದಷ್ಟು ಬೇಗ ಬರಬೇಕು. ತಾರೀಕು ದಾಟುವ ಮೊದಲು ಬಂದರೆ ಅದರ ತೂಕವೇ ಬೇರೆ. ಕೇಳಿಕೆ ಸ್ವಲ್ಪ ತಡವಾದರೂ ಅಡ್ಡಿಯಿಲ್ಲ, ಅದು ಸರಿಯಾದ ಲೆಕ್ಕದ ಮೇಲೆ ನಿಂತಿರಬೇಕು.

ಇನ್ನು ಆ ಲೆಕ್ಕದ ವಿಷಯ. ಇಲ್ಲಿ ನಮ್ಮ ಕಡೆಯ ಒಂದು ಗುಟ್ಟು ಹೇಳಬೇಕು. ಮಕ್ಕಳು ತಾರೀಕುಗಳೆಲ್ಲ ಒಂದೇ ಅಂದುಕೊಂಡಿರುತ್ತಾರೆ. ಹಾಗಿಲ್ಲ. ಕೆಲವು ತಾರೀಕು ಮೇಷ್ಟ್ರು ಇಟ್ಟದ್ದು. ಕೆಲವು ಡಿಪಾರ್ಟ್‌ಮೆಂಟ್ ಇಟ್ಟದ್ದು. ಕೆಲವು ಯುನಿವರ್ಸಿಟಿ ಇಟ್ಟದ್ದು. ಮೊದಲನೆಯದನ್ನು ನಾನು ಕೂತಲ್ಲೇ ಬದಲಾಯಿಸಬಹುದು. ಎರಡನೆಯದಕ್ಕೆ ಎಚ್‌ಓಡಿ ಹತ್ತಿರ ಮಾತಾಡಬೇಕು. ಮೂರನೆಯದು ನನ್ನ ಕೈಯಲ್ಲಿಲ್ಲ, ಎಚ್‌ಓಡಿ ಕೈಯಲ್ಲೂ ಇಲ್ಲ. ಇಂಟರ್ನಲ್ ಮಾರ್ಕ್ಸನ್ನೇ ನೋಡಿ. ಅದನ್ನು ಯುನಿವರ್ಸಿಟಿಯ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಹಾಕಲು ಇಂತಿಷ್ಟು ದಿನ ಅಂತ ಕೊಟ್ಟಿರುತ್ತಾರೆ. ಆ ಕಿಟಕಿ ಮುಚ್ಚಿದ ಮೇಲೆ ನನಗೆ ಎಷ್ಟೇ ಕನಿಕರ ಇದ್ದರೂ ಹಾಕಲು ಜಾಗ ಇಲ್ಲ. ಮತ್ತೆ ತೆರೆಸಬೇಕಾದರೆ ಕಾಲೇಜಿನಿಂದ ಪತ್ರ ಹೋಗಬೇಕು, ಅದು ಆಗುವುದೂ ಉಂಟು, ಆಗದಿರುವುದೂ ಉಂಟು.

ಅವಳ ವಿಷಯದಲ್ಲಿ ಅಲುಗಾಡದ ತಾರೀಕು ಜೂನ್ 10. ಅವತ್ತು ಬೈಂಡ್ ಮಾಡಿದ ಪ್ರತಿಗಳು ಆಫೀಸಿಗೆ ಹೋಗಬೇಕು. ಆಮೇಲೆ ಹೊರಗಿನ ಎಕ್ಸಾಮಿನರ್ ಬಂದು ವೈವಾ ಮಾಡುತ್ತಾರೆ. ಅವರಿಗೆ ಒಬ್ಬಳಿಗೋಸ್ಕರ ಇನ್ನೊಂದು ದಿನ ಬನ್ನಿ ಅನ್ನಲು ಬರುವುದಿಲ್ಲ. 10ರಿಂದ ಹಿಂದಕ್ಕೆ ಬನ್ನಿ. 9 ಭಾನುವಾರ. ಬೈಂಡಿಂಗ್ ಅಂಗಡಿಯಲ್ಲಿ ಆ ಹೊತ್ತಿಗೆ ಎಲ್ಲ ಕಾಲೇಜಿನ ಮಕ್ಕಳೂ ಸಾಲು ನಿಂತಿರುತ್ತಾರೆ, 7ಕ್ಕೆ ಕೊಟ್ಟರೆ 8ಕ್ಕೆ ಸಿಕ್ಕೀತು. 6ಕ್ಕೆ ತಿದ್ದುಪಡಿ, ನನ್ನ ಸಹಿ, ಎಚ್‌ಓಡಿ ಸಹಿ. ನನಗೆ ಓದಲು 3, 4, 5 ಬೇಕು. ಅಂದರೆ ಡ್ರಾಫ್ಟ್ ಜೂನ್ 3ರ ಬೆಳಿಗ್ಗೆ ಬಂದರೂ ನಡೆಯುತ್ತದೆ. ನಾನು ಮೇ 27 ಅಂತ ಹೇಳಿದ್ದು ಸುಮ್ನೆ ಅಲ್ಲ. ಒಂದು ವಾರ ನನ್ನ ಜೇಬಿನಲ್ಲಿ ಇರಲಿ ಅಂತ. ಗೈಡ್ ಆದವರು ಹೆಚ್ಚಿನವರು ಹೀಗೆ ಒಂದಿಷ್ಟು ದಿನ ಇಟ್ಟುಕೊಂಡಿರುತ್ತಾರೆ. ಹೇಳುವುದಿಲ್ಲ ಅಷ್ಟೇ.

ಈ ಲೆಕ್ಕ ಅವಳೇ ಮಾಡಿದ್ದಳು ಅಂತ ಭಾನುವಾರ ಗೊತ್ತಾಯಿತು. ಸಂಜೆ ಇಮೇಲ್ ಬಂತು, ಕನ್ನಡದಲ್ಲೇ:

"ಸರ್, ಅಪ್ಪನನ್ನು ನಾಳೆ ವಾರ್ಡಿಗೆ ಹಾಕುತ್ತಾರಂತೆ. ಬಲಗೈ ಬಲಗಾಲು ಇನ್ನೂ ಎತ್ತಲು ಆಗುವುದಿಲ್ಲ. ಕಡಿಮೆ ಅಂದರೂ ಗುರುವಾರದವರೆಗೆ ಇಲ್ಲೇ ಇರಬೇಕು. ಹಗಲು ಅಮ್ಮ, ರಾತ್ರಿ ನಾನು. ಮಾವ ಬೊಂಬಾಯಿಯಿಂದ ಶುಕ್ರವಾರ ಬರುತ್ತಾರೆ, ಆಮೇಲೆ ನನಗೆ ಬಿಡುವಾಗುತ್ತದೆ. ಮೊದಲ ಮೂರು ಅಧ್ಯಾಯ ಇದರ ಜತೆ ಕಳಿಸಿದ್ದೇನೆ. ಸರ್ವೆ 60ರಲ್ಲಿ 41 ಆಗಿದೆ. ಉಳಿದ 19 ಮಾಡಲು ನಾನು ವಾಪಸ್ ಬರುವಾಗ ಬೋಟು ನಿಂತಿರುತ್ತದೆ. 41ರಲ್ಲೇ ಮುಗಿಸಬಹುದಾ ಸರ್? ಹೌದಾದರೆ ಪೂರ್ತಿ ಡ್ರಾಫ್ಟ್ ಜೂನ್ 3, ಸೋಮವಾರ ಬೆಳಿಗ್ಗೆ ಕೊಡುತ್ತೇನೆ. 10ನೇ ತಾರೀಕಿಗೆ ತೊಂದರೆ ಆಗದ ಹಾಗೆ ನೋಡಿಕೊಳ್ಳುತ್ತೇನೆ."

ಇದಕ್ಕೆ ಉತ್ತರ ಬರೆಯಲು ನನಗೆ ಎರಡು ನಿಮಿಷವೂ ಬೇಕಾಗಲಿಲ್ಲ. ಯಾಕೆಂದರೆ ನಾನು ಕೇಳಬೇಕಾದ್ದನ್ನೆಲ್ಲ ಅವಳೇ ಹೇಳಿ ಮುಗಿಸಿದ್ದಳು. ಮನೆಯಲ್ಲಿ ಅವಳ ಪಾಲಿನ ಕೆಲಸ ಏನು, ಅದು ಯಾವಾಗ ಹಗುರವಾಗುತ್ತದೆ, ಇಲ್ಲಿಯವರೆಗೆ ಏನು ಮುಗಿದಿದೆ, ಯಾವ ದಿನ ಕೊಡುತ್ತಾಳೆ. "ದಯವಿಟ್ಟು", "ಕೈ ಮುಗಿದು ಕೇಳಿಕೊಳ್ಳುತ್ತೇನೆ" ಒಂದೂ ಇಲ್ಲ. ಇಲ್ಲದಿದ್ದರೇ ಒಳ್ಳೆಯದು ಮಾರಾಯ್ರೆ. ಅಂಗಲಾಚಿ ಬರೆದ ಪತ್ರ ಓದುವುದು ನಮಗೂ ಹಿಂಸೆ.

ಆ ಮೂರು ಅಧ್ಯಾಯದ ಬಗ್ಗೆ ಒಂದು ಮಾತು. ಅವು ಪೂರ್ತಿ ತಿದ್ದಿದ ಅಧ್ಯಾಯಗಳಲ್ಲ. ಎರಡನೇ ಅಧ್ಯಾಯದಲ್ಲಿ ಅರ್ಧ ವಾಕ್ಯಕ್ಕೆ ನಿಂತಿದ್ದೂ ಇತ್ತು. ಆದರೂ ಅದು ಕೈಗೆ ಸಿಕ್ಕಿದ್ದರಿಂದ ಆ ವಾರದಲ್ಲಿ ನಾನು ಓದಿ ಮುಗಿಸಿದೆ. ಜೂನ್ 3ಕ್ಕೆ ಡ್ರಾಫ್ಟ್ ಬಂದಾಗ ಓದಲು ಉಳಿದದ್ದು ಕೊನೆಯ ಎರಡು ಅಧ್ಯಾಯ ಮಾತ್ರ. ಅವಳಿಗೆ ಸಿಕ್ಕ ಒಂದು ವಾರ ನನಗೆ ನಷ್ಟವಾಗಲೇ ಇಲ್ಲ. ಅರೆಬರೆ ಕೆಲಸ ತೋರಿಸಲು ಮಕ್ಕಳಿಗೆ ನಾಚಿಕೆ. ಆದರೆ ಟೈಮ್ ಕೇಳುವಾಗ ಅದಕ್ಕಿಂತ ಗಟ್ಟಿ ಆಧಾರ ಬೇರೆ ಇಲ್ಲ. ಕೆಲಸ ನಡೆಯುತ್ತಿತ್ತು, ನಡುವೆ ನಿಂತಿತು ಅಂತ ಅದೇ ಹೇಳುತ್ತದೆ.

ಆ ಇಮೇಲ್‌ನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಆ 41ರ ಪ್ರಶ್ನೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಮೀನು ಮೊಟ್ಟೆ ಇಡುವ ಕಾಲ, ಮಳೆಗಾಲದ ಕಡಲು. ಮೇ ಕೊನೆಗೆ ಬೋಟುಗಳು ದಕ್ಕೆಗೆ ಬಂದು ಸಾಲಾಗಿ ನಿಂತುಬಿಡುತ್ತವೆ. ನಾಡದೋಣಿಯವರು ಹೋಗುತ್ತಾರೆ, ಆದರೆ ಮಲ್ಪೆ ಬಂದರಿನ ಬೆಳಗಿನ ಹರಾಜಿನ ಆ ಗೌಜಿ ಇರುವುದಿಲ್ಲ. ಅಲ್ಲಿ ಬುಟ್ಟಿ ಹಿಡಿದು ಬರುವ ಹೆಂಗಸರೂ ಅಷ್ಟಾಗಿ ಸಿಗುವುದಿಲ್ಲ. ಅಂದರೆ ಅವಳಿಗೆ ನಾನು ಹತ್ತು ದಿನ ಕೊಟ್ಟರೂ ಪ್ರಯೋಜನ ಇರಲಿಲ್ಲ. ದಿನ ಸಿಗುತ್ತಿತ್ತು, ಜನ ಸಿಗುತ್ತಿರಲಿಲ್ಲ. ಇದನ್ನು ತಿಳಿದೇ ಅವಳು ದಿನದ ಜತೆ ಕೆಲಸವನ್ನೂ ಸ್ವಲ್ಪ ಕಡಿಮೆ ಮಾಡಲು ಕೇಳಿದಳು.

ಹೀಗೆ ಕೇಳಬಹುದು ಅಂತ ಹೆಚ್ಚಿನ ಮಕ್ಕಳಿಗೆ ಹೊಳೆಯುವುದೇ ಇಲ್ಲ. ಎಕ್ಸ್‌ಟೆನ್ಷನ್ ಅಂದರೆ ದಿನ ಅಂತಲೇ ಅವರ ತಲೆಯಲ್ಲಿ. ಲ್ಯಾಬ್ ಇರುವವರಿಗೆ ಲ್ಯಾಬ್ ಮುಚ್ಚುವ ದಿನ ಇರುತ್ತದೆ. ಶಾಲೆಯಲ್ಲಿ ಸರ್ವೆ ಮಾಡುವವರಿಗೆ ಬೇಸಿಗೆ ರಜೆ ಇರುತ್ತದೆ. ಅಂತಲ್ಲಿ ದಿನ ಎಷ್ಟು ಕೊಟ್ಟರೂ ಅಷ್ಟೇ. ಆಗ ಕೇಳಬೇಕಾದ್ದು ಕೆಲಸದ ಅಳತೆಯನ್ನೇ ಬದಲಾಯಿಸಬಹುದಾ ಅಂತ.

ಆದರೆ ಅಳತೆ ಕಡಿಮೆ ಮಾಡಿದರೆ ಅದರ ಪರಿಣಾಮವೂ ಇರುತ್ತದೆ, ಗೈಡ್ ಅದನ್ನು ನೋಡಬೇಕು. ಅವಳು ಹೆಂಗಸರನ್ನು ವಯಸ್ಸಿನ ಮೇಲೆ ನಾಲ್ಕು ಗುಂಪು ಮಾಡಿದ್ದಳು. ಉಳಿತಾಯದ ರೀತಿ ಮೂರು. ನಾಲ್ಕು ಮೂರಲ ಹನ್ನೆರಡು ಮನೆಯ ಟೇಬಲ್. ಅದರ ಮೇಲೆ, ವಯಸ್ಸಿಗೂ ಉಳಿತಾಯದ ರೀತಿಗೂ ಸಂಬಂಧ ಇದೆಯಾ ಅಂತ ನೋಡುವ ಕೈ-ಸ್ಕ್ವೇರ್ ಟೆಸ್ಟ್ ಮಾಡುವ ಯೋಚನೆ ಇತ್ತು. ಆ ಟೆಸ್ಟಿಗೆ ಒಂದೊಂದು ಮನೆಯಲ್ಲಿ ನಿರೀಕ್ಷಿತ ಸಂಖ್ಯೆ ಸುಮಾರು ಐದಾದರೂ ಇರಬೇಕು ಅನ್ನುವುದು ರೂಢಿ. 60 ಇದ್ದಾಗಲೇ ಅದು ಸರಾಸರಿ ಸರಿಯಾಗಿ ಐದು, ಅಂಚಿನಲ್ಲೇ ನಿಂತಿತ್ತು. 41ಕ್ಕೆ ಇಳಿದರೆ ಮೂರೂವರೆಯೂ ಬರುವುದಿಲ್ಲ. ಅದಕ್ಕೆ ನಾನು ಹೇಳಿದ್ದು ಇಷ್ಟು. ನಾಲ್ಕು ವಯಸ್ಸಿನ ಗುಂಪನ್ನು ಎರಡು ಮಾಡು, ನಲವತ್ತೈದರ ಕೆಳಗಿನವರು ಒಂದು, ಮೇಲಿನವರು ಒಂದು. ಆಗ ಆರು ಮನೆ, ಒಂದಕ್ಕೆ ಸರಾಸರಿ ಆರೇಳು ಜನ. 60 ಅಂತ ಹೊರಟದ್ದು ಯಾಕೆ 41ಕ್ಕೆ ನಿಂತಿತು ಅಂತ ಮೆಥಡಾಲಜಿ ಅಧ್ಯಾಯದಲ್ಲಿ ಎರಡು ಸಾಲು ಬರೆ. ಮನೆಯ ಕಷ್ಟ ಬರೆಯುವುದು ಬೇಡ. ನಿಷೇಧದ ಅವಧಿ ಶುರುವಾಗುವ ಮೊದಲು ಸಿಕ್ಕಿದ್ದು ಇಷ್ಟು ಅಂದರೆ ಸಾಕು, ಅದು ನಿಜವೂ ಹೌದು.

ಒಬ್ಬಳು ಗೆಳತಿ ಉಳಿದ 19 ಫಾರಂ ತುಂಬಿಸಿ ಕೊಡುತ್ತೇನೆ ಅಂದಿದ್ದಳಂತೆ. ಮಲ್ಪೆಗೆ ಹೋಗಿ ಕೇಳಿ ತುಂಬಿಸುವುದಾ, ರೂಮಿನಲ್ಲಿ ಕೂತು ತುಂಬಿಸುವುದಾ ಅಂತ ನಾನು ಕೇಳಲಿಲ್ಲ. ಎಷ್ಟು ದುಡ್ಡು ಎಲ್ಲಿ ಇಟ್ಟಿದ್ದೀರಿ ಅಂತ ಆ ಹೆಂಗಸರು ಗುರುತಿಲ್ಲದವರಿಗೆ ಹೇಳುವುದಿಲ್ಲ. ಇವಳೇ ಮೊದಲ ಎರಡು ವಾರ ಬರೀ ಮಾತಾಡಿಸಿಕೊಂಡು ಓಡಾಡಿದ್ದಳು. ಅವಳು ಬೇಡ ಅಂದದ್ದು ಒಳ್ಳೆಯದೇ ಆಯಿತು.

ಇನ್ನು ದಾಖಲೆ. ಮೆಸೇಜಿನ ಜತೆ ಐಸಿಯುನಲ್ಲಿ ಮಲಗಿದವರ ಫೋಟೊ ಕಳಿಸುವವರು ಇದ್ದಾರೆ. ಮೂಗಿನಲ್ಲಿ ಪೈಪು, ಮೈಮೇಲೆ ವಯರು. ದಯವಿಟ್ಟು ಅದನ್ನು ಮಾಡಬೇಡಿ. ನಂಬಿಕೆ ಬರಲಿ ಅಂತ ಕಳಿಸುತ್ತಾರೆ, ಪಾಪ. ಯಾವನೋ ಮೇಷ್ಟ್ರು ಹಿಂದೆ "ಪ್ರೂಫ್ ಎಲ್ಲಿ?" ಅಂತ ಕೇಳಿರಬೇಕು. ಆದರೆ ಮಲಗಿದವರಿಗೂ ಒಂದು ಮರ್ಯಾದೆ ಇದೆ ಅಲ್ವಾ? ನನಗೆ ಬೇಕಾದ್ದು ಅಡ್ಮಿಷನ್ ಆದ ಚೀಟಿಯ ಒಂದು ಪ್ರತಿ, ಹೆಸರು ಮತ್ತು ತಾರೀಕು ಕಾಣುವ ಹಾಗೆ. ಅದೂ ಅವತ್ತೇ ಬೇಡ. ಡಿಸ್ಚಾರ್ಜ್ ಸಮ್ಮರಿ ಮನೆಗೆ ಕಳಿಸುವ ದಿನವೇ ಕೈಗೆ ಸಿಗುವುದು, ಅದನ್ನು ಮೊದಲೇ ಕೇಳುವುದು ತಪ್ಪು. ಸಿಕ್ಕಿದ ಮೇಲೂ ಮೊದಲ ಪುಟ ಸಾಕು, ಒಳಗಿನ ರಿಪೋರ್ಟ್ ನನಗೆ ಅರ್ಥವೂ ಆಗುವುದಿಲ್ಲ. ಈ ಕಾಗದ ನನಗೋಸ್ಕರ ಅಲ್ಲ, ಫೈಲಿಗೆ. ನಾಳೆ ಇನ್ನೊಬ್ಬ ಬಂದು "ಅವಳಿಗೆ ಕೊಟ್ಟಿದ್ದೀರಿ, ನನಗೆ ಯಾಕಿಲ್ಲ?" ಅಂತ ಕೇಳಿದರೆ ತೋರಿಸಲು ಏನಾದರೂ ಬೇಕು. ಅದಕ್ಕೇ ಫೋನಿನಲ್ಲಿ ಒಪ್ಪಿದ್ದನ್ನೂ ಒಂದು ಸಾಲು ಬರೆದು ಕಳಿಸಿ ಅನ್ನುವುದು. ಹಾಜರಾತಿಯ ಲೆಕ್ಕ ಮಾತ್ರ ಬೇರೆ. ಅದಕ್ಕೆ ಪ್ರಿನ್ಸಿಪಾಲರ ಹೆಸರಿಗೆ ಪ್ರತ್ಯೇಕ ಅರ್ಜಿ ಕೊಡಬೇಕು. ಪ್ರಾಜೆಕ್ಟಿಗೆ ನಾನು ಟೈಮ್ ಕೊಟ್ಟೆ ಅಂದರೆ ಹಾಜರಾತಿ ತಾನಾಗಿ ಸರಿಯಾಗುವುದಿಲ್ಲ.

ಆಸ್ಪತ್ರೆಯ ವಿಷಯ ಹೀಗಾದರೆ, ಸಾವಿನ ಮನೆಯ ಲೆಕ್ಕ ಬೇರೆ. ಅಲ್ಲಿ ಮಕ್ಕಳು ಇನ್ನೂ ಕಡಿಮೆ ಕೇಳುತ್ತಾರೆ. ದಹನ ಮುಗಿಯಿತು, ನಾಡಿದ್ದು ಬರುತ್ತೇನೆ ಸರ್ ಅನ್ನುತ್ತಾರೆ. ಬಂದೂ ಬಿಡುತ್ತಾರೆ. ಆದರೆ ನಮ್ಮಲ್ಲಿ ಬೊಜ್ಜ, ಅಂದರೆ ಉತ್ತರಕ್ರಿಯೆ, ಅಂತ ಒಂದು ಇದೆಯಲ್ಲ. ಹನ್ನೊಂದಕ್ಕೋ ಹದಿಮೂರಕ್ಕೋ ಹದಿನಾರಕ್ಕೋ, ಆಯಾ ಜಾತಿಯ ಪದ್ಧತಿ. ಅದಕ್ಕೆ ಸಂಬಂಧಿಕರಿಗೆಲ್ಲ ಹೇಳಿಕೆ ಕೊಡಬೇಕು, ಶಾಮಿಯಾನ, ಅಡುಗೆಯವರು, ಸಾಮಾನು. ಮನೆಯಲ್ಲಿ ಬೈಕ್ ಓಡಿಸಲು ಬರುವ ಹುಡುಗ ಇದ್ದರೆ ಎಲ್ಲ ಓಡಾಟ ಅವನ ತಲೆಗೇ. ಸತ್ತದ್ದು ತಾಯಿಯ ಅಣ್ಣ ಅಂತಿಟ್ಟುಕೊಳ್ಳಿ. ಘಟ್ಟದ ಮೇಲಿಂದ ಬಂದ ಮೇಷ್ಟ್ರಿಗೆ "ಬರೀ ಮಾವ ತಾನೆ?" ಅನ್ನಿಸಬಹುದು. ತಾಯಿಯ ಕಡೆಯಿಂದ ವಂಶ ನಡೆಯುವ ಅಳಿಯಸಂತಾನದ ಮನೆಗಳಲ್ಲಿ ಮಾವ ಅಂದರೆ ಮನೆಯ ಯಜಮಾನ. ಅಳಿಯನ ಮೇಲೆ ಜವಾಬ್ದಾರಿ ಬೀಳುತ್ತದೆ. ಇದನ್ನು ಗೊತ್ತಿರಬಹುದು ಅಂತ ಬಿಡಬಾರದು, ಬರೆಯಬೇಕು. "ಬೊಜ್ಜ ಇಂತಹ ತಾರೀಕಿಗೆ, ಅಲ್ಲಿಯವರೆಗೆ ಮನೆಯ ಕೆಲಸ ನನ್ನ ಮೇಲಿದೆ, ಅದಾಗಿ ನಾಲ್ಕನೇ ದಿನ ಕೊಡುತ್ತೇನೆ." ಒಂದೇ ಸಲ ಕೇಳಿದರೆ ಆಯಿತು. ನಡುವೆ ಎರಡು ದಿನ ಬಂದು ಕ್ಲಾಸಿನಲ್ಲಿ ಕೂತು, ಮನಸ್ಸು ಮಾತ್ರ ಶಾಮಿಯಾನದವನ ಹತ್ತಿರ ಇಟ್ಟುಕೊಳ್ಳುವುದರಿಂದ ಯಾರಿಗೂ ಲಾಭ ಇಲ್ಲ.

ಮೇಷ್ಟ್ರು ಉತ್ತರವನ್ನೇ ಕೊಡದಿದ್ದರೆ? ಅದೂ ಉಂಟು. ನಮ್ಮಲ್ಲಿ ವಾಟ್ಸಾಪ್ ನೋಡದವರು ಇದ್ದಾರೆ, ನೋಡಿ ಸುಮ್ಮನಿರುವವರೂ ಇದ್ದಾರೆ. ಒಂದು ದಿನ ಕಾದು ಇಮೇಲ್ ಮಾಡಿ. ಅದಕ್ಕೂ ಉತ್ತರ ಇಲ್ಲದಿದ್ದರೆ ಅದೇ ಇಮೇಲನ್ನು ಎಚ್‌ಓಡಿಗೂ ಕಳಿಸಿ, ಮೇಷ್ಟ್ರ ಹೆಸರು ಅದರಲ್ಲಿ ಇರುವ ಹಾಗೆಯೇ. ಮೊದಲ ದಿನವೇ ಎಚ್‌ಓಡಿಗೆ ಹೋದರೆ ಮೇಷ್ಟ್ರಿಗೆ ಸಿಟ್ಟು ಬರುತ್ತದೆ. ಮನುಷ್ಯರಲ್ವಾ. ಸಿ.ಆರ್. ಹತ್ತಿರ ಹೇಳಿ ಕಳಿಸುವುದು ಮಾತ್ರ ಬೇಡ. ಅವನ ಬಾಯಲ್ಲಿ ಸ್ಟ್ರೋಕ್ ಹಾರ್ಟ್ ಅಟ್ಯಾಕ್ ಆಗಿ, ಒಂದು ವಾರ ಒಂದು ತಿಂಗಳಾಗಿ ನಮಗೆ ಮುಟ್ಟುತ್ತದೆ.

ಅವಳ ಡ್ರಾಫ್ಟ್ ಜೂನ್ 3ಕ್ಕೆ ಬಂತು. ಬೆಳಿಗ್ಗೆ ಅಂದಿದ್ದಳು, ಮಧ್ಯಾಹ್ನ ಆಯಿತು. ಟೇಬಲ್‌ಗಳಲ್ಲಿ ಒಂದೆರಡು ಕಡೆ ಮೊತ್ತ ಹೊಂದುತ್ತಿರಲಿಲ್ಲ, ತಿದ್ದಿಸಿದೆ. ವೈವಾದಲ್ಲಿ ಎಕ್ಸಾಮಿನರ್ ಮೊದಲು ಕೇಳಿದ್ದೇ "ಯಾಕಮ್ಮ 41?" ಅಂತ. ಅವಳು ನಿಷೇಧದ ವಿಷಯ ಹೇಳಿದಳು, ಗುಂಪು ಎರಡು ಮಾಡಿದ್ದಕ್ಕೆ ಕಾರಣವನ್ನೂ ಹೇಳಿದಳು. ಅವರು ತಲೆಯಾಡಿಸಿ ಪಿಗ್ಮಿ ಏಜೆಂಟರ ಕಡೆಗೆ ಮಾತು ತಿರುಗಿಸಿದರು.

ಅದರ ಮರುವರ್ಷದಿಂದ ನಾನು ನನ್ನ ಮಕ್ಕಳಿಗೆ ಕೊಡುವ ಹಾಳೆಯಲ್ಲಿ ಎರಡು ತಾರೀಕು ಬರೆಯುತ್ತೇನೆ. ಡ್ರಾಫ್ಟ್ ಕೊಡಬೇಕಾದ ದಿನ ಒಂದು, ಮನೆಯಲ್ಲಿ ಏನಾದರೂ ಆದರೆ ತಡೆಯಬಹುದಾದ ಕೊನೆಯ ದಿನ ಇನ್ನೊಂದು. ಸ್ಟಾಫ್ ರೂಮಿನಲ್ಲಿ ಇದಕ್ಕೆ ವಿರೋಧ ಇದೆ. "ಹೀಗೆ ಬರೆದರೆ ಎಲ್ಲರೂ ಎರಡನೇ ತಾರೀಕಿಗೇ ಬರ್ತಾರೆ ಮಾರಾಯ್ರೆ" ಅನ್ನುತ್ತಾರೆ. ಕೆಲವರು ಬರುತ್ತಾರೆ, ಹೌದು. ಅವರ ಡ್ರಾಫ್ಟನ್ನು ನಾನು ಕೊನೆಯಲ್ಲಿ ಓದುತ್ತೇನೆ. ತಿದ್ದಿಕೊಳ್ಳಲು ಅವರಿಗೆ ಒಂದೇ ದಿನ ಸಿಗುತ್ತದೆ.